ಹನ್ನೆರಡು ವಾರದ ಹಾಸು

ಆ ಬೆಳಗ್ಗೆ ಕೊಳ್ಳೇಗಾಲದ ಮೇಲೆ ತಮಿಳುಸೀಮೆಯ ಕಡೆಯ ಸೋನೆ ಇಳಿದಿತ್ತು. ಕಾರ್ತಿಕದಲ್ಲಿ ಬರುವ ಈ ಮಳೆಗೆ ಸದ್ದಿಲ್ಲ, ಗುಡುಗಿಲ್ಲ. ಹಿಂದಿನ ಸಂಜೆ ಹಿಡಿದದ್ದು ಮರುದಿನ ಹೊತ್ತು ಏರಿದರೂ ಬೀಳುತ್ತಲೇ ಇರುತ್ತದೆ. ದೇವರು ಯಾರ ಮೇಲೂ ಮುನಿಯದೆ, ಯಾರಿಗೂ ಒಲಿಯದೆ ಸುಮ್ಮನೆ ಕೂತು ಏನನ್ನೋ ಯೋಚಿಸುತ್ತಿರುವ ಹಾಗೆ. ನೇಯುವವರ ಬೀದಿಗೆ ಮಾತ್ರ ಅದರಿಂದ ತಾಪತ್ರಯ. ಮಗ್ಗದ ಗುಂಡಿಯಲ್ಲಿ ನೀರು ಜಿನುಗಿ, ಕಾಲಿಟ್ಟರೆ ಪಾದ ಮುಳುಗುತ್ತದೆ. ಸುಬ್ಬಯ್ಯನ ಮನೆಯ ಎರಡು ಮಗ್ಗಗಳೂ ಆ ದಿನ ನಿಂತಿದ್ದವು. ಅದಕ್ಕೇ ಅವನ ಮಗ ಉಮೇಶನಿಗೆ ಬಿಡುವಾಯಿತು. ತಂಗಿ ರೂಪಳನ್ನು ಕರೆದುಕೊಂಡು, ಒಂದೇ ಕೊಡೆಯಲ್ಲಿ ಆಟದ ಮೈದಾನದ ಕಡೆ ನಡೆದ.

ಉಮೇಶನಿಗೆ ಮೂವತ್ತು. ತಂದೆಯ ಕಣ್ಣು ಮಂಜಾದ ಮೇಲೆ ಮನೆಯ ಭಾರ ಅವನದೇ. ರೂಪಳಿಗೆ ಇಪ್ಪತ್ತನಾಲ್ಕು. ಎರಡನೆಯ ಮಗ್ಗಕ್ಕೆ ಕೂರುವವಳು ಅವಳು. ಆದರೆ ದೇವರು ಅವಳ ಕಾಲಿಗೆ ಮಗ್ಗ ತುಳಿಯುವುದಕ್ಕಿಂತ ಹೆಚ್ಚಿನದನ್ನು ಕೊಟ್ಟಿದ್ದ. ಆ ವರ್ಷ ಜಿಲ್ಲೆಯ ದಸರಾ ಕ್ರೀಡಾಕೂಟದಲ್ಲಿ ಸಾವಿರದ ಐನೂರು ಮೀಟರ್ ಓಟದಲ್ಲಿ ಎರಡನೆಯವಳಾಗಿ ಬಂದಿದ್ದಳು, ಅದೂ ಯಾರೂ ಹೇಳಿಕೊಡದೆ. ಅದಾದ ಹದಿನೈದು ದಿನಕ್ಕೆ ಪತ್ರಿಕೆಯಲ್ಲಿ ಪ್ರಕಟಣೆ ಬಂತು. ಪೊಲೀಸ್ ಕೆಲಸಕ್ಕೆ ಕ್ರೀಡಾ ಕೋಟಾದಲ್ಲಿ ಆರು ಹುಡುಗಿಯರು ಬೇಕು, ಆಯ್ಕೆ ಓಟ ಫೆಬ್ರವರಿಯಲ್ಲಿ ಮೈಸೂರಿನಲ್ಲಿ, ವಯಸ್ಸು ಇಪ್ಪತ್ತೈದು ಮೀರಿರಬಾರದು. ಮುಂದಿನ ಸಲ ಕರೆಯುವ ಹೊತ್ತಿಗೆ ರೂಪಳ ವಯಸ್ಸು ದಾಟಿರುತ್ತದೆ. ಈಗ ಆದರೆ ಆಯಿತು. ಇಲ್ಲದಿದ್ದರೆ ಆಯುಷ್ಯವೆಲ್ಲ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೂರುವುದೇ.

ಮೈದಾನದ ಪಕ್ಕದ ಶೆಡ್ಡಿನ ಕೆಳಗೆ ವೃಷಭೇಂದ್ರಪ್ಪ ಮೇಷ್ಟ್ರು ಕೂತಿದ್ದರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಈಗ ಐದಾರು ಮಕ್ಕಳಿಗೆ ಓಟ ಕಲಿಸುತ್ತಿದ್ದರು. ಕುಂತೂರಿನ ಕಬ್ಬಿನ ಫ್ಯಾಕ್ಟರಿ ಕೆಲಸಗಾರನ ಮಗಳು ಕವಿತ ಅವರಲ್ಲೊಬ್ಬಳು. ದಸರಾ ಓಟದಲ್ಲಿ ರೂಪಳಿಗಿಂತ ಹಿಂದೆ, ನಾಲ್ಕನೆಯವಳಾಗಿ ಬಂದವಳು.

"ಏನ್ಲಾ ಉಮೇಶ, ಮಳೇಲಿ ಬಂದಿದ್ದೀಯ? ಸೀರೆ ಮಾರಕ್ಕೋ?" ಎಂದರು ಮೇಷ್ಟ್ರು.

"ಇಲ್ಲ ಸಾ. ನಮ್ ರೂಪ ಆಯ್ಕೆ ಓಟಕ್ಕೆ ಓಯ್ತಾಳೆ. ತಾವು ಹೇಳ್ಕೊಟ್ರೆ..."

"ತಿಂಗಳಿಗೆ ಮುನ್ನೂರು. ಮೂರು ತಿಂಗಳು. ಬೆಳಗ್ಗೆ ಐದೂವರೆಗೆ ಇಲ್ಲಿರ್ಬೇಕು, ಸಂಜೆ ನಾಕರಿಂದ ಆರು. ನಾನು ಮಾಡು ಅಂದದ್ದು ಮಾಡ್ಬೇಕು, ಬ್ಯಾಡ ಅಂದದ್ದು ಬಿಡ್ಬೇಕು. ಒಂದಿನ ಬರ್ನಿಲ್ಲ ಅಂದ್ರೆ ನಿಮ್ಮನೆ ಬಾಗಿಲಿಗೇ ಬಂದು ಬೈತೀನಿ. ಇಷ್ಟೇ ಕರಾರು."

"ಸಂಜೆ ಮಗ್ಗದ ಹೊತ್ತು, ಸಾ."

"ಮಗ್ಗ ಬೇಕೋ ಓಟ ಬೇಕೋ ನೀವೇ ಮಾತಾಡ್ಕಳಿ. ನನ್ನ ಕೇಳ್ಬ್ಯಾಡಿ."

ಉಮೇಶ ತಲೆ ತಗ್ಗಿಸಿಕೊಂಡು ಈಚೆ ಬಂದ. ಒಳಗೆ ಒಂದು ಹಳೆಯ ಮುಳ್ಳು ಆಡಿತು. ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಅವನೂ ಓಡುತ್ತಿದ್ದ. ತಾಲ್ಲೂಕಿನ ತಂಡಕ್ಕೆ ಸೇರಿಸಿಕೊಳ್ಳಿ ಎಂದು ಇದೇ ಮೇಷ್ಟ್ರ ಹಿಂದೆ ಬಿದ್ದಾಗ ಅವರು ಎಲ್ಲರೆದುರು, "ನಿನ್ ಕಾಲಿಗಿಂತ ನಿನ್ ಬಾಯಿ ಮುಂದೆ ಓಡ್ತದೆ ಕಣ್ಲಾ" ಎಂದಿದ್ದರು. ಹುಡುಗರು ವರ್ಷವಿಡೀ ಅದನ್ನೇ ಹೇಳಿ ನಕ್ಕಿದ್ದರು. ಈಗ ಅವನು ಮುನ್ನೂರು ರೂಪಾಯಿಯ ಮಾತನ್ನೇ ಮನಸ್ಸಿನಲ್ಲಿ ತಿರುವಿ ಹಾಕಿದ. ಮುಳ್ಳಿನ ಮಾತನ್ನು ತನಗೆ ತಾನೂ ಹೇಳಿಕೊಳ್ಳಲಿಲ್ಲ.

ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು.

"ಮೂರು ತಿಂಗಳಿಗೆ ಒಂಬೈನೂರು. ಸಂಜೆ ಎರಡು ಗಂಟೆ ಮಗ್ಗ ನಿಂತ್ರೆ ತಿಂಗಳಿಗೆ ಎರಡು ಸೀರೆ ಕೂಲಿ ಓಯ್ತು. ಇನ್ನು ಬೂಟು, ಹಾಲು, ಮೊಟ್ಟೆ. ಎಲ್ಲಿಂದ ತರನವ್ವ?" ಎಂದ ಉಮೇಶ. "ಮೈಸೂರಲ್ಲಿ ಹಳೇ ಪುಸ್ತಕದಂಗಡೀಲಿ ಓಟದ್ದೇ ಪುಸ್ತಕ ಸಿಕ್ತದೆ, ಐವತ್ತು ರೂಪಾಯಿ. ನಮ್ ಪ್ರಭುಸ್ವಾಮಿ ಅಂಗಡೀಲಿ ಓಟದ ಸೀಡಿ ಅದೆ. ನಾನೇ ಹೇಳ್ಕೊಡ್ತೀನಿ. ಅಣ್ಣನಿಗಿಂತ ಜವಾಬ್ದಾರಿ ಇನ್ಯಾರಿಗದೆ?"

ತಾಯಿ ದೇವೀರಮ್ಮ ಲಾಳಿಗೆ ಹಾಕುವ ಕಂಡಿಗೆಗೆ ನೂಲು ಸುತ್ತುತ್ತಿದ್ದವಳು ತಲೆಯೆತ್ತದೆ ಹೇಳಿದಳು: "ನಾಳೆ ಇವಳ ಬಾಣಂತನಾನೂ ಪುಸ್ತಕ ನೋಡ್ಕಂಡೇ ಮಾಡ್ತೀಯ?"

ಮೂಲೆಯಲ್ಲಿ ಕಂಬಳಿ ಹೊದ್ದಿದ್ದ ಸುಬ್ಬಯ್ಯ ನಕ್ಕ. "ಮಗ್ಗ ನಿಂಗೆ ಪುಸ್ತಕ ಕಲಿಸ್ತೇನ್ಲಾ? ನಾಕು ವರ್ಷ ನನ್ ಪಕ್ಕ ಕೂತು ಕೈ ಮೇಲೆ ಏಟು ತಿಂದೆ. ಎಳೆ ಎಲ್ಲಿ ಬಿಗಿ, ಎಲ್ಲಿ ಸಡಿಲ ಅನ್ನೋದ್ನ ಕೈಯೇ ಕಲೀಬೇಕು."

"ಅಪ್ಪ, ಅದು ಹಳೇ ಕಾಲ. ಈಗ ಲೋಕದ ದೊಡ್ಡ ದೊಡ್ಡ ಕೋಚುಗಳೆಲ್ಲ ಬರೆದಿಟ್ಟವ್ರೆ. ಈ ಮೇಷ್ಟ್ರಿಗೆ ಏನ್ ಗೊತ್ತು? ಕೊಳ್ಳೇಗಾಲ ಬಿಟ್ರೆ ಹನೂರು."

ಎಲ್ಲರೂ ರೂಪಳ ಕಡೆ ನೋಡಿದರು. ಅವಳು ಅಣ್ಣನ ಮುಖ ನೋಡಿದಳು. ಅಲ್ಲಿ ಏನು ಕಂಡಳೋ, "ಅಣ್ಣನೇ ಹೇಳ್ಕೊಡ್ಲಿ ಬುಡವ್ವ" ಎಂದಳು.

ಪುಸ್ತಕ ಇಂಗ್ಲಿಷಿನಲ್ಲಿತ್ತು. ಉಮೇಶ ಪಿಯುಸಿಯವರೆಗೆ ಓದಿದವನು. ನಿಘಂಟು ಪಕ್ಕದಲ್ಲಿಟ್ಟುಕೊಂಡು, ಪದಕ್ಕೊಂದು ಗೆರೆ ಎಳೆದುಕೊಂಡು, ಐದು ಅಧ್ಯಾಯ ದಾಟಿದ. ಐದನೆಯದರ ಕೊನೆಗೆ ಒಂದು ಪಟ್ಟಿಯಿತ್ತು, ಹನ್ನೆರಡು ವಾರದ ಅಭ್ಯಾಸ. ಅದನ್ನು ಕಂಡ ಮೇಲೆ ಮುಂದಿನ ಹಾಳೆಗಳ ಗೊಡವೆ ಅವನಿಗೆ ಬೇಕೆನಿಸಲಿಲ್ಲ. ಸೀರೆಯ ಅಂಚಿನ ಚಿತ್ತಾರ ಬರೆಯುವ ಗ್ರಾಫ್ ಹಾಳೆಯ ಮೇಲೆ ಆ ಪಟ್ಟಿಯನ್ನು ಇಳಿಸಿದ. ದಿನಕ್ಕೊಂದು ಚೌಕ. ಓಡಿ ಮುಗಿಸಿದ ಮೇಲೆ ತುಂಬುವ ಬಣ್ಣ, ಕಷ್ಟದ ದಿನಕ್ಕೆ ಕೆಂಪು, ಹಗುರ ದಿನಕ್ಕೆ ಹಸಿರು, ಭಾನುವಾರದ ಉದ್ದ ಓಟಕ್ಕೆ ನೀಲಿ. ರೂಪಳ ಮಗ್ಗದ ಎದುರು ಗೋಡೆಗೆ ಅದನ್ನು ಅಂಟಿಸಿ, ಮಗ್ಗಕ್ಕೆ ಹೊಸ ಸೀರೆಯ ಉದ್ದೆಳೆಗಳನ್ನು ಏರಿಸಿದಾಗಿನಂತೆ ಊದುಬತ್ತಿ ಬೆಳಗಿ, "ಇದೇ ನಮ್ ಹಾಸು. ಇವತ್ತು ಏರಿಸಿದ್ದೀವಿ" ಎಂದ.

ಸೀಡಿ ನೋಡಲು ಇಬ್ಬರೂ ಬಸ್‌ಸ್ಟ್ಯಾಂಡಿನ ಹತ್ತಿರ ಪ್ರಭುಸ್ವಾಮಿಯ ಅಂಗಡಿಗೆ ಹೋದರು. ಉಮೇಶನ ಜೊತೆ ಓದಿದವನು ಅವನು. ಟೀವಿಯಲ್ಲಿ ಯಾವುದೋ ದೇಶದ ಹೆಣ್ಣುಮಗಳು ನಿಧಾನವಾಗಿ ತೇಲುತ್ತಿದ್ದಳು. ಪ್ರಭುಸ್ವಾಮಿ ರಿಮೋಟ್ ಒತ್ತಿ ನಿಲ್ಲಿಸಿದ.

"ನೋಡ್ಲಾ, ಹಿಮ್ಮಡಿ ನೆಲ ಮುಟ್ತಾನೇ ಇಲ್ಲ."

"ಹೂಂ ಕಣ್ಲಾ. ಬೆರಳ ಮೇಲೇ ಓಯ್ತಾವ್ಳೆ. ರೂಪಿ, ನೀನು ಹಿಮ್ಮಡಿ ಊರಿ ಓಡ್ತೀಯ. ಅದ್ಕೇ ಕೊನೇಲಿ ನಿಂಗೆ ವೇಗ ಸಾಲಲ್ಲ."

"ಅವಳ ಬೂಟು ನೋಡಣ್ಣ, ಮೆತ್ತೆ ಹಾಸ್ದಂಗದೆ" ಎಂದಳು ರೂಪ.

"ಬೂಟು ಓಡ್ತದಾ, ಕಾಲು ಓಡ್ತದಾ?" ಎಂದು ಪ್ರಭುಸ್ವಾಮಿ ಹಲ್ಲು ಕಿರಿದ.

ಹುಟ್ಟಿದಾಗಿನಿಂದ ನಡೆದ ನಡಿಗೆಯನ್ನು ಎರಡು ವಾರದಲ್ಲಿ ಬದಲಿಸಿದರು. ಯಳಂದೂರು ರಸ್ತೆಯ ಡಾಂಬರಿನ ಮೇಲೆ, ತೆಳು ಕ್ಯಾನ್ವಾಸ್ ಬೂಟಿನಲ್ಲಿ, ಬೆರಳ ಮೇಲೆ ಓಟ. ಉಮೇಶ ಸೈಕಲ್ ಮೇಲೆ ಹಿಂದೆ. ಕಬ್ಬು ತುಂಬಿದ ಟ್ರ್ಯಾಕ್ಟರಿನವರು ದಾರಿ ಬಿಡುತ್ತ, "ಓಡವ್ವ ಓಡು, ಅಣ್ಣ ಇಡ್ಕಂಡ್‌ಬುಟ್ಟಾನು!" ಎಂದು ಕೂಗುತ್ತಿದ್ದರು. ರೂಪ ನಗುತ್ತಲೇ ಓಡುತ್ತಿದ್ದಳು. ಕೆಂಪು ಚೌಕದ ದಿನ ಮೈದಾನದಲ್ಲಿ ನಾನೂರು ಮೀಟರಿನ ಆರು ಸುತ್ತು, ಸುತ್ತಿಗೊಮ್ಮೆ ಎರಡು ನಿಮಿಷ ಉಸಿರು. ಆ ದಿನ ಹೊತ್ತು ಹೋದರೆ ಮಗ್ಗದ ಕೆಲಸ ಹಿಂದೆ ಬೀಳುತ್ತಿತ್ತು. ಅದನ್ನು ಸರಿಗಟ್ಟಲು ಉಮೇಶ ದಾರಿ ಕಂಡುಕೊಂಡಿದ್ದ. ಹಸಿರು ಚೌಕದ ದಿನ ಓಟ ಕಡಿಮೆ, ಬರೇ ಅರ್ಧ ಗಂಟೆ. ಮಿಕ್ಕ ಹೊತ್ತೆಲ್ಲ ರೂಪ ಮಗ್ಗಕ್ಕೆ. ಹಗುರ ದಿನ ತಾನೆ, ಬೆಳಗಿನಿಂದ ಸಂಜೆವರೆಗೆ ಕೂರಬಹುದು.

ಡಿಸೆಂಬರಿನ ಕೊನೆಯ ಭಾನುವಾರ ಪಟ್ಟಿಯಲ್ಲಿ ಪರೀಕ್ಷೆಯ ಓಟವಿತ್ತು. ಮೈದಾನದ ಇನ್ನೊಂದು ತುದಿಯಲ್ಲಿ ಮೇಷ್ಟ್ರ ಬಳಿ ಕಲಿಯುವ ಮಕ್ಕಳೂ ಇದ್ದರು. ರೂಪ ಸಾವಿರದ ಐನೂರನ್ನು ಐದು ನಿಮಿಷ ಆರು ಸೆಕೆಂಡಿಗೆ ಮುಗಿಸಿದಳು. ದಸರಾದಲ್ಲಿ ಐದು ಇಪ್ಪತ್ತು ಆಗಿತ್ತು. ಕವಿತ ಆ ದಿನ ಓಡಿದ್ದು ಐದು ಹದಿನಾರು. ಉಮೇಶ ಕೈಗಡಿಯಾರವನ್ನು ಎಲ್ಲರಿಗೂ ತೋರಿಸುತ್ತ ಓಡಾಡಿದ. ಹದಿನೈದು ವರ್ಷದ ಮುಳ್ಳು ಆ ಕ್ಷಣ ಉದುರಿ ಬಿದ್ದಂತಾಯಿತು.

ಮೇಷ್ಟ್ರು ಗಡಿಯಾರ ನೋಡಲಿಲ್ಲ. ರೂಪ ಬೆವರು ಒರೆಸಿಕೊಂಡು ನಡೆದುಹೋಗುವುದನ್ನೇ ನೋಡುತ್ತಿದ್ದರು.

"ಹುಡುಗಿ ಬೆರಳ ಮೇಲೆ ಓಡ್ತಾವ್ಳಲ್ಲ. ಯಾವತ್ತಿಂದ?"

"ಅದು ಹೊಸ ಪದ್ಧತಿ ಸಾ. ಫಾರಿನ್‌ನಲ್ಲಿ ಹಂಗೇ."

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದು, ಹುಡುಗಿ ತಮ್ಮ ಶಿಷ್ಯೆಯಲ್ಲವೆಂದು ನೆನಪಾದವರಂತೆ ಕವಿತಳ ಕಡೆ ತಿರುಗಿದರು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ದೇವೀರಮ್ಮ ಮಗಳನ್ನು ಗಮನಿಸಿದಳು. ಮಗ್ಗದ ಗುಂಡಿಯಿಂದ ಏಳುವಾಗ ರೂಪ ಎರಡು ಕೈಯನ್ನೂ ಮಣೆಯ ಮೇಲೆ ಊರಿ, ಬಲಗಾಲನ್ನು ಯಾರದೋ ಕಾಲೆಂಬಂತೆ ಮೇಲಕ್ಕೆತ್ತಿಟ್ಟುಕೊಂಡಳು. ಲಂಗ ಸರಿಸಿ ನೋಡಿದರೆ ಮೊಣಕಾಲ ಕೆಳಗೆ ಬಿಗಿಯಾಗಿ ಬಟ್ಟೆ ಕಟ್ಟಿದೆ.

"ಏನವ್ವ ಇದು?"

"ಏನಿಲ್ಲ ಕಣವ್ವ, ಉಳುಕು. ಅಣ್ಣನಿಗೆ ಹೇಳ್ಬ್ಯಾಡ."

ತಾಯಿ ಹೇಳದೆ ಇರುತ್ತಾಳೆಯೇ? ಮಾದಪ್ಪನ ಬೆಟ್ಟಕ್ಕೆ ಹೋಗಲು ಕೂಡಿಟ್ಟಿದ್ದ ದುಡ್ಡಿನಲ್ಲಿ ಮುನ್ನೂರು ತೆಗೆದು ಮಗನ ಮುಂದೆ ಇಟ್ಟಳು. "ಮಾದೇವ ಕಾಯ್ತಾನೆ, ನಾನು ಆಮೇಲೆ ಬತ್ತೀನಿ ಅಂದ್ರೆ ಮುನಿಯಲ್ಲ. ಈಗ್ಲೇ ಆ ಮೇಷ್ಟ್ರತ್ರ ಕರ್ಕಂಡೋಗು."

ಆಯ್ಕೆಗೆ ಇನ್ನು ಹದಿನೇಳು ದಿನ. ಉಮೇಶ ರೂಪಳನ್ನು ಕರೆದುಕೊಂಡು ಹೋದ. ಹೋದವನೇ ಒಂದು ತಿಂಗಳ ಫೀಸೆಂದು ಮೇಷ್ಟ್ರ ಕೈಗಿಟ್ಟು, "ಕೊನೇಲಿ ಸ್ವಲ್ಪ ತಿದ್ದಿಕೊಡಿ ಸಾ" ಎಂದ. ಮೇಷ್ಟ್ರು ನೋಟುಗಳನ್ನು ಜೇಬಿಗಿಟ್ಟು ರೂಪಳನ್ನು ಕಟ್ಟೆಯ ಮೇಲೆ ಕೂರಿಸಿದರು. ಓಡು ಎನ್ನಲಿಲ್ಲ.

"ದಿನಾ ಓಡಿದ್ಮೇಲೆ ಏನ್ ಮಾಡ್ತೀಯವ್ವ?"

"ಮಗ್ಗ ತುಳೀತೀನಿ ಸಾ."

"ಎಷ್ಟೊತ್ತು?"

"ಕಷ್ಟದ ದಿನ ನಾಕು ಗಂಟೆ. ಹಗುರ ದಿನ ಎಂಟೊಂಬತ್ತು."

"ಯಾವ ಕಾಲಲ್ಲಿ ತುಳಿಯದು?"

"ಎರಡ್ರಲ್ಲೂ. ಬಲಗಾಲಿಗೇ ಜಾಸ್ತಿ."

ಉಮೇಶ ರೂಪಳ ಬಲಗಾಲನ್ನೇ ನೋಡಿದ. ಪುಸ್ತಕ ಈ ಮಾತನ್ನು ಕೇಳಿರಲಿಲ್ಲ. ಪುಸ್ತಕ ಬರೆದವನ ಊರಿನಲ್ಲಿ ಹಗುರ ದಿನ ಎಂದರೆ ಜನ ಕಾಲು ಚಾಚಿ ಮಲಗುತ್ತಾರೋ ಏನೋ.

ಮೇಷ್ಟ್ರು ಬಟ್ಟೆ ಬಿಚ್ಚಿ, ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳನ್ನು ಮೇಲಿನಿಂದ ಕೆಳಗೆ ಜಾರಿಸುತ್ತ ಬಂದರು. ಒಂದು ರೂಪಾಯಿ ನಾಣ್ಯದಷ್ಟು ಜಾಗ. ಅಲ್ಲಿ ಒತ್ತಿದಾಗ ರೂಪ ದುಪಟ್ಟ ಕಚ್ಚಿಕೊಂಡಳು.

"ಎದ್ದು ಬಲಗಾಲಲ್ಲಿ ಮಾತ್ರ ನಿಂತ್ಕಂಡು ಕುಪ್ಪಳಿಸು."

ಅವಳು ನಿಂತಳು. ಒಮ್ಮೆ ಕುಪ್ಪಳಿಸಿದಳು. ಎರಡನೆಯದಕ್ಕೆ ಕಾಲು ಏಳಲಿಲ್ಲ, ಕಣ್ಣಲ್ಲಿ ನೀರು ಬಂತು.

"ಮಾಂಸದ ನೋವಾದ್ರೆ ಅಗಲಕ್ಕಿರ್ತದೆ, ಓಡಿ ಬಿಸಿಯಾದ್ರೆ ಕಮ್ಮಿ ಆಯ್ತದೆ. ಇದು ಮೂಳೆ. ಕೂದಲಷ್ಟು ಬಿರುಕು ಬಿಟ್ಟಿರ್ಬೈದು. ಈಗ ಎಕ್ಸ್‌ರೇ ತೆಗೆದ್ರೂ ಒಂದೊಂದ್ಸಲ ಕಾಣಲ್ಲ. ಆರೆಂಟು ವಾರ ಓಟಾನೂ ಬ್ಯಾಡ, ಮಗ್ಗಾನೂ ಬ್ಯಾಡ. ಕೂಡ್ಕಳತದೆ."

"ಹದಿನೇಳು ದಿನಕ್ಕೆ ಆಯ್ಕೆ ಸಾ!" ಎಂದ ಉಮೇಶ.

"ಗೊತ್ತು ಕಣಪ್ಪ. ಬಿಡ್ಬೇಕಾಯ್ತದೆ."

"ವಯಸ್ಸು ಮೀರೋಯ್ತದೆ ಸಾ. ಇನ್ನೊಂದ್ಸಲ ಇಲ್ಲ."

"ಕಾಲೂ ಇನ್ನೊಂದ್ಸಲ ಇಲ್ಲ. ಫೀಸು ಇಸ್ಕಂಡಿದ್ದೀನಿ, ಹೇಳದು ನನ್ ಧರ್ಮ. ಓಡಬ್ಯಾಡ."

ದಾರಿಯಲ್ಲಿ ಉಮೇಶನ ಮನಸ್ಸು ಕೆಟ್ಟದ್ದನ್ನೇ ನೆನೆಯಿತು. ಕವಿತ ಈ ಮೇಷ್ಟ್ರ ಹುಡುಗಿ. ರೂಪ ಓಡದಿದ್ದರೆ ಯಾರಿಗೆ ಲಾಭ? ಯೋಚನೆ ಬಂದದ್ದಕ್ಕೆ ನಾಚಿಕೆಯಾಯಿತು. ಆದರೆ ಬಂದ ಯೋಚನೆ ಹೋಗಲಿಲ್ಲ.

ಹತ್ತು ದಿನ ರೂಪ ಓಡಲಿಲ್ಲ, ಮಗ್ಗಕ್ಕೂ ಇಳಿಯಲಿಲ್ಲ. ನೋವು ಇಳಿಯಿತು. ನಡೆದರೆ ಗೊತ್ತೇ ಆಗದಷ್ಟು ಇಳಿಯಿತು. ಮೂಳೆ ಕೂಡಿಕೊಳ್ಳುವುದಕ್ಕೆ ಮೊದಲೇ ನೋವು ಹೋಗಿ ಮನುಷ್ಯನನ್ನು ಮರುಳು ಮಾಡುತ್ತದೆ ಎಂದು ತಿಳಿದವರು ಆ ಮನೆಯಲ್ಲಿ ಯಾರಿದ್ದರು? ಗೋಡೆಯ ಗ್ರಾಫ್ ಹಾಳೆಯಲ್ಲಿ ಕೊನೆಯ ಸಾಲುಗಳು ಬಣ್ಣವಿಲ್ಲದೆ ನಿಂತಿದ್ದವು.

"ನೀನ್ ಹೇಳಣ್ಣ. ನೀನೇ ಅಲ್ವಾ ಕೋಚು? ಓಡ್ಲಾ, ಬ್ಯಾಡ್ವಾ?" ಎಂದಳು ರೂಪ, ಒಂದು ಮಧ್ಯಾಹ್ನ.

ನೇಯುವವರ ಬೀದಿಯಲ್ಲಿ ಒಂದು ಕಟ್ಟಳೆಯಿದೆ. ಮಗ್ಗಕ್ಕೆ ಏರಿಸಿದ ಹಾಸನ್ನು ನಡುವೆ ಇಳಿಸಬಾರದು. ಸಾವಾಗಲಿ, ಹುಟ್ಟಾಗಲಿ, ಸೂತಕ ಕಳೆದು ಬಂದು ಅದೇ ಹಾಸನ್ನು ಕೊನೆ ಮುಟ್ಟಿಸಬೇಕು. ಎಳೆ ಹರಿದರೆ ಗಂಟು ಹಾಕಿಕೊಂಡು ನೇಯಬೇಕು. ನಡುವೆ ಕತ್ತರಿಸಿದರೆ ಆ ಮನೆಗೆ ಏಳಿಗೆಯಿಲ್ಲ. ಉಮೇಶ ಇದನ್ನು ಯಾರಿಂದಲೂ ಕಲಿತದ್ದಲ್ಲ. ಉಸಿರಾಟದ ಹಾಗೆ ಅದು ಅವನೊಳಗೆ ಇತ್ತು.

"ಒಂಬತ್ತು ವಾರ ಮಾಡ್‌ಬುಟ್ಟಿದ್ದೀವಿ. ಏರಿಸಿದ ಹಾಸು ಇಳಿಸಕಾಯ್ತದಾ? ಓಡು" ಎಂದ.

ಒಳಗಿನಿಂದ ದೇವೀರಮ್ಮ, "ನೂಲಿಗಾದ್ರೆ ಗಂಟಾಕ್ಬೈದು ಕಣ್ಲಾ" ಎಂದಳು.

ಮೈಸೂರಿನ ಮೈದಾನದಲ್ಲಿ ಇಪ್ಪತ್ತೆರಡು ಹುಡುಗಿಯರು. ಉಮೇಶ ಬೇಲಿಗೆ ಎದೆ ಒತ್ತಿಕೊಂಡು ನಿಂತ. ಮೊದಲ ಸುತ್ತಿನಲ್ಲಿ ರೂಪ ಐದನೆಯವಳು, ಎರಡನೆಯ ಸುತ್ತಿನಲ್ಲಿ ಮೂರನೆಯವಳು. ಸೀಡಿಯ ಹೆಣ್ಣುಮಗಳ ಹಾಗೆಯೇ ತೇಲುತ್ತಿದ್ದಳು. ಉಮೇಶ ಮಾದಪ್ಪನನ್ನೂ ಕುಲದೇವತೆ ಚೌಡಮ್ಮನನ್ನೂ ಒಂದೇ ಉಸಿರಿನಲ್ಲಿ ಕರೆದ. ಮೂರನೆಯ ಸುತ್ತಿನ ತಿರುವಿನಲ್ಲಿ ಅವಳ ಹೆಜ್ಜೆ ಒಮ್ಮೆ ತಪ್ಪಿತು. ಇನ್ನೊಂದು ಹೆಜ್ಜೆ ಇಟ್ಟಳು. ಮತ್ತೊಂದು. ಆಮೇಲೆ ಬಲಗಾಲು ಅವಳ ಕೆಳಗೆ ಇರಲೇ ಇಲ್ಲ, ಕುಸಿದು ಬಿದ್ದಳು. ಹಿಂದಿನಿಂದ ಬರುತ್ತಿದ್ದ ಕವಿತ ಅವಳನ್ನು ದಾಟಿ, ಓಡುತ್ತಲೇ ಒಮ್ಮೆ ತಿರುಗಿ ನೋಡಿ, ಮುಂದೆ ಹೋದಳು.

ಕವಿತ ಆರನೆಯವಳಾಗಿ ಬಂದು ಕೊನೆಯ ಜಾಗಕ್ಕೆ ಆಯ್ಕೆಯಾದಳು. ಐದು ನಿಮಿಷ ಒಂಬತ್ತು ಸೆಕೆಂಡು.

ಆಸ್ಪತ್ರೆಯಲ್ಲಿ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಡಾಕ್ಟರು ತೋರಿಸಿದರು. ಮೂಳೆ ಅಡ್ಡಡ್ಡಕ್ಕೆ ಮುರಿದಿತ್ತು. ಪಾದದಿಂದ ತೊಡೆಯವರೆಗೆ ಪ್ಲಾಸ್ಟರ್ ಬಿತ್ತು.

"ಎಷ್ಟು ದಿನದಿಂದ ನೋವಿತ್ತಮ್ಮ?"

"ಡಿಸೆಂಬರ್ ಮೊದಲಿಂದ, ಸಾ."

ಉಮೇಶ ಬೆಚ್ಚಿದ. ಗಡಿಯಾರ ಹಿಡಿದು ಮೈದಾನದ ತುಂಬ ಓಡಾಡಿದ ಆ ಭಾನುವಾರವೂ ಅವಳಿಗೆ ನೋವಿತ್ತು.

"ನಂಗೇ ಯಾಕೆ ಹೇಳ್ನಿಲ್ಲ ರೂಪಿ?" ಡಾಕ್ಟರು ಹೋದ ಮೇಲೆ ಕೇಳಿದ.

ರೂಪ ಪ್ಲಾಸ್ಟರಿನ ಅಂಚನ್ನು ಉಗುರಿನಿಂದ ಕೆರೆದಳು. "ನೀನು ದುಡ್ಡು ಇಸ್ಕಂಡು ಹೇಳ್ಕೊಟ್ಟಿದ್ರೆ ಹೇಳ್ತಿದ್ನಣ್ಣ. ನಿನ್ ಮಗ್ಗ ನಿಲ್ಸಿ, ಮಂಜಲ್ಲಿ ನನ್ ಹಿಂದೆ ಸೈಕಲ್ ತುಳೀತಿದ್ದೆ. ನಿನ್ ಮುಖ ನೋಡ್ಕಂಡು ಹೆಂಗೆ ಹೇಳನ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಒಳ್ಳೆಯದಿತ್ತು.

ಮನೆಗೆ ಬಂದ ಮೇಲೆ ಅವನು ಪುಸ್ತಕವನ್ನು ಮತ್ತೆ ಬಿಚ್ಚಿ, ಬಿಟ್ಟಿದ್ದ ಕಡೆಯಿಂದ ಓದಿದ. ಹನ್ನೊಂದನೆಯ ಅಧ್ಯಾಯ ಗಾಯಗಳದ್ದು. ನಿಘಂಟು ನೋಡಿ ನೋಡಿ ಒಂದು ಸಾಲನ್ನು ಕನ್ನಡಕ್ಕೆ ತಂದುಕೊಂಡ. ಮೂಳೆಯ ಮೇಲೆ ಒಂದೇ ಜಾಗದಲ್ಲಿ ನೋವಿದ್ದರೆ ಆ ದಿನವೇ ಓಟ ನಿಲ್ಲಿಸಿ, ತಿಳಿದವರಿಗೆ ತೋರಿಸಿ. ಓಡುವ ಶೈಲಿ ಬದಲಿಸುವುದಾದರೆ ತಿಂಗಳುಗಟ್ಟಲೆ ಸಮಯ ತೆಗೆದುಕೊಳ್ಳಿ ಎಂಬ ಸಾಲೂ ಅದರ ಕೆಳಗೇ ಇತ್ತು. ಪುಸ್ತಕ ಸುಳ್ಳು ಹೇಳಿರಲಿಲ್ಲ. ಅವನು ಅಲ್ಲಿಯವರೆಗೆ ಹೋಗಿರಲಿಲ್ಲ, ಅಷ್ಟೆ. ಎಷ್ಟು ಪುಟ ಓದಿದೆ ಎಂದು ಅವನನ್ನು ಕೇಳುವವರೂ ಇರಲಿಲ್ಲ.

ಶಿವರಾತ್ರಿ ಮುಗಿದ ನಾಲ್ಕನೆಯ ದಿನ, ಬೆಳಗಿನ ಬಿಸಿಲು ಬೀದಿಗೆ ಇಳಿಯುವ ಹೊತ್ತಿಗೆ, ಮೇಷ್ಟ್ರು ಮನೆಗೆ ಬಂದರು. ಜಗಲಿಯಲ್ಲಿ ಕಾಲು ಚಾಚಿ ಕೂತು ಕಂಡಿಗೆ ಸುತ್ತುತ್ತಿದ್ದ ರೂಪಳ ಪಕ್ಕ ಕೂತು, ಪ್ಲಾಸ್ಟರನ್ನು ಬೆರಳಿನಿಂದ ಬಡಿದು, "ಇದ್ರ ಮೇಲೆ ಅಂಚು ಗಿಂಚು ನೇಯ್ಬಾರ್ದಾ, ಬರೇ ಬಿಳೀದು" ಎಂದರು. ರೂಪ ಸ್ವಲ್ಪ ನಕ್ಕಳು. ಕುಂಟು ಉಳಿಯುತ್ತದೆಯೋ ಎಂದು ದೇವೀರಮ್ಮ ಕೇಳಿದಳು. "ನಡಿಗೆಗೆ ತೊಂದ್ರೆ ಇಲ್ಲ ತಾಯಿ. ಓಟದ ಮಾತು ಬ್ಯಾಡ" ಎಂದರು.

ಒಳಗೆ ಉಮೇಶ ಮಗ್ಗದಲ್ಲಿ ಕೂತಿದ್ದ. ಏಳಲಿಲ್ಲ. ಎದ್ದು ಬಂದು ಬೈಸಿಕೊಳ್ಳಬೇಕೆಂದಿದ್ದ. ಬೈದರೆ ಹಗುರಾದೇನು ಎಂದಿದ್ದ. ಮೇಷ್ಟ್ರೇ ಒಳಗೆ ಬಂದರು. ಗೋಡೆಯ ಮೇಲಿನ ಹಾಳೆಯನ್ನು ನೋಡಿದರು. ಸಾಲು ಸಾಲಾಗಿ ತುಂಬಿದ ಕೆಂಪು, ಹಸಿರು, ನೀಲಿ. ಓದಿ ಮುಗಿಸುವಷ್ಟು ಹೊತ್ತು ನೋಡಿದರು.

"ಅಕ್ಷರ ಚೆನ್ನಾಗದೆ" ಎಂದರು.

ಆಮೇಲೆ ಜೇಬಿಗೆ ಕೈಹಾಕಿ, ಮಡಿಸಿದ್ದ ಫೀಸಿನ ನೋಟುಗಳನ್ನು ತೆಗೆದರು.

"ಒಂದಿನಾನೂ ಹೇಳ್ಕೊಡ್ನಿಲ್ಲ ಕಣಪ್ಪ ನಾನು. ಇದು ನಂದಲ್ಲ."

ಉಮೇಶ ಕೈ ಚಾಚಲಿಲ್ಲ. ಮೇಷ್ಟ್ರು ಬಗ್ಗಿ, ಮಗ್ಗದ ಮೇಲೆ ನಿಂತಿದ್ದ ಅವನ ಬಲಗೈಯನ್ನು ಹಿಡಿದು, ನೋಟುಗಳನ್ನು ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದರು.